ಹಿರಿಯರ ನೆನಪಿನ ವಿಡಿಯೋ: ಹಳೆಯ ಫೋಟೊಗಳಿಗೆ ಮಾತು ಬರೆಯುವ ಬಗೆ

(ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲೂಕುಗಳ ಹಾಲು ಉತ್ಪಾದಕ ಸದಸ್ಯರ ಮುಂದೆ ಮಾಡಿದ ಭಾಷಣದ ಪಾಠ)



ಊರಿನ ಹಿರಿಯರೊಬ್ಬರು ತೀರಿಕೊಂಡ ಮೇಲೆ, ವರ್ಷದ ಪುಣ್ಯಸ್ಮರಣೆಗೋ ಸಂಘದ ವಾರ್ಷಿಕ ಸಭೆಗೋ ಅವರ ಬಗ್ಗೆ ಒಂದು ಚಿಕ್ಕ ವಿಡಿಯೋ ತೋರಿಸುವುದು ಈಗ ನಮ್ಮ ಕಡೆ ರೂಢಿಯಾಗಿದೆ. ಮನೆಯಲ್ಲಿದ್ದ ಹಳೆಯ ಫೋಟೊಗಳನ್ನು ಒಂದರ ಹಿಂದೆ ಒಂದು ಜೋಡಿಸುತ್ತಾರೆ, ಹಿಂದಿನಿಂದ ಒಬ್ಬರು ಮಾತು ಓದುತ್ತಾರೆ. ಫೋಟೊ ಜೋಡಿಸುವ ಕೆಲಸವನ್ನು ಸ್ಟುಡಿಯೋದವರು ಮಾಡಿಕೊಡುತ್ತಾರೆ. ಮಾತು ಬರೆಯುವ ಕೆಲಸ ಮಾತ್ರ ಹೆಚ್ಚಾಗಿ ಸಂಘದ ಕಾರ್ಯದರ್ಶಿಯ ಮೇಲೋ, ಮನೆಯಲ್ಲಿ ನಾಲ್ಕಕ್ಷರ ಕಲಿತವರ ಮೇಲೋ ಬೀಳುತ್ತದೆ. ಆ ಮಾತನ್ನು ಬರೆಯುವ ಬಗೆಯನ್ನು ಇಂದು ತಮ್ಮ ಮುಂದೆ ಹೇಳಬೇಕೆಂದಿದ್ದೇನೆ.

ಮೊದಲಿಗೆ ನಾನೇ ಮಾಡಿದ ಒಂದು ತಪ್ಪನ್ನು ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ಊರಿನಲ್ಲಿ ಹಾಲಿನ ಸಂಘದ ಮೊದಲ ಅಧ್ಯಕ್ಷರು ತೀರಿಕೊಂಡಿದ್ದರು. ಅವರ ನೆನಪಿನ ವಿಡಿಯೋಕ್ಕೆ ಮಾತು ಬರೆದವನು ನಾನು. ಸಂಘ ಆರಂಭವಾದ ದಿನದ ಒಂದು ಫೋಟೊ ಸಿಕ್ಕಿತ್ತು. ಒಂದು ಪಡಸಾಲೆಯ ಮುಂದೆ ಅಧ್ಯಕ್ಷರು ನಿಂತಿದ್ದಾರೆ, ಪಕ್ಕದಲ್ಲಿ ಹಾಲಿನ ಕ್ಯಾನ್, ಸುತ್ತ ಐದಾರು ಜನ. ಅಧ್ಯಕ್ಷರ ಮುಖ ದೊಡ್ಡದಾಗಿ ಕಾಣಲಿ ಎಂದು ಅಂಚನ್ನು ಕತ್ತರಿಸಿದೆವು. "ಇವರೊಬ್ಬರೇ ಮುಂದೆ ನಿಂತು ಈ ಸಂಘವನ್ನು ಕಟ್ಟಿದರು" ಎಂದು ನಾನು ಬರೆದೆ. ಸಭೆಯಲ್ಲಿ ಅದನ್ನು ತೋರಿಸಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಸಭೆ ಮುಗಿದ ಮೇಲೆ ವಯಸ್ಸಾದ ಒಬ್ಬ ತಾಯಿ ನನ್ನ ಹತ್ತಿರ ಬಂದು, "ಅಲ್ಲೋ ತಮ್ಮಾ, ಆ ಕ್ಯಾನ್ ಹಿಡದಿದ್ದ ಕೈ ನಂದೈತಿ. ಕೈ ಉಳಿಸೀರಿ, ನನ್ನ ಎಲ್ಲಿ ಬಿಟ್ರಿ?" ಎಂದು ಕೇಳಿದರು.

ಮೊದಲ ಎರಡು ವರ್ಷ ಹಾಲು ಅಳೆದದ್ದು ಆ ತಾಯಿಯ ಮನೆಯ ಪಡಸಾಲೆಯಲ್ಲಿ. ಅದಕ್ಕೆ ಅವರು ಬಾಡಿಗೆ ತೆಗೆದುಕೊಂಡಿರಲಿಲ್ಲ. ಅಂದು ಚಪ್ಪಾಳೆ ತಟ್ಟಿದವರಲ್ಲಿ ಅರ್ಧದಷ್ಟು ಜನರಿಗೆ ಈ ಸಂಗತಿ ಗೊತ್ತಿತ್ತು, ಆದರೆ ನಾನು ಯಾರನ್ನೂ ಕೇಳಿರಲಿಲ್ಲ. ತೀರಿಹೋದ ಅಧ್ಯಕ್ಷರು ಇದ್ದಿದ್ದರೆ ಆ ಮಾತನ್ನು ತಾವೇ ಒಪ್ಪುತ್ತಿರಲಿಲ್ಲ. ಅಂದಿನಿಂದ ನಾನು ಒಂದು ನಿಯಮ ಇಟ್ಟುಕೊಂಡಿದ್ದೇನೆ. ಓದುವ ಪ್ರತಿಯೊಂದು ವಾಕ್ಯಕ್ಕೂ ಒಂದು ಫೋಟೊ, ಒಂದು ಕಾಗದ ಅಥವಾ ಕಣ್ಣಾರೆ ಕಂಡ ಒಬ್ಬ ಮನುಷ್ಯನ ಆಧಾರ ಇರಬೇಕು. ಇಲ್ಲದಿದ್ದರೆ ಆ ವಾಕ್ಯ ಬೇಡ.

ಫೋಟೊ ಕೂಡಿಸುವಾಗ

ಫೋಟೊ ಕೈಗೆ ಬಂದ ಕೂಡಲೇ ಅದರ ಹಿಂಬದಿಯನ್ನು ನೋಡಬೇಕು. ಹಳೆಯ ಫೋಟೊಗಳ ಬೆನ್ನಿನ ಮೇಲೆ ಸ್ಟುಡಿಯೋದ ಮುದ್ರೆ, ತಾರೀಖು, ಕೆಲವೊಮ್ಮೆ ಮನೆಯವರ ಕೈಬರಹ ಇರುತ್ತದೆ. ತಾವು ಏನಾದರೂ ಬರೆಯುವುದಿದ್ದರೆ ಮೆತ್ತನೆಯ ಪೆನ್ಸಿಲಿನಿಂದ ಬರೆಯಿರಿ. ಬಾಲ್ ಪೆನ್ನಿನಿಂದ ಒತ್ತಿ ಬರೆದರೆ ಗೆರೆ ಮುಂಬದಿಗೆ ಮೂಡುತ್ತದೆ.

ಗೋಡೆಗೆ ಹಾಕಿದ ಕಟ್ಟಿನ ಫೋಟೊ ಬಹಳ ಸಲ ತೇವಕ್ಕೆ ಗಾಜಿಗೆ ಅಂಟಿಕೊಂಡಿರುತ್ತದೆ. ಅದನ್ನು ಎಳೆಯಬಾರದು, ಎಳೆದರೆ ಮುಖದ ಭಾಗವೇ ಗಾಜಿನ ಮೇಲೆ ಉಳಿಯುತ್ತದೆ. ಅಂಥದ್ದನ್ನು ಗಾಜಿನ ಮೇಲಿನಿಂದಲೇ, ಬಿಸಿಲು ಬೀಳದ ಕಿಟಕಿಯ ಪಕ್ಕದಲ್ಲಿಟ್ಟು, ಫ್ಲಾಶ್ ಹಾಕದೆ ಪ್ರತಿ ತೆಗೆಯಬೇಕು. ಬಿಡಿ ಫೋಟೊಗಳಿಗೆ ಸ್ಕ್ಯಾನರ್ ಉತ್ತಮ. ಪೋಸ್ಟ್‌ಕಾರ್ಡ್ ಅಳತೆಯ ಫೋಟೊಗೆ 600 ಡಿಪಿಐ ಇಟ್ಟರೆ ಸಾಕು. ಮೊಬೈಲಿನಲ್ಲಿ ತೆಗೆದದ್ದನ್ನು ಸ್ಟುಡಿಯೋಕ್ಕೆ ವಾಟ್ಸಾಪ್‌ನಲ್ಲಿ ಫೋಟೊ ಎಂದು ಕಳಿಸಿದರೆ ಅದು ಕುಗ್ಗಿ ಹೋಗಿ ತೆರೆಯ ಮೇಲೆ ಮಸುಕಾಗುತ್ತದೆ, ಆದ್ದರಿಂದ ಡಾಕ್ಯುಮೆಂಟ್ ಎಂದು ಕಳಿಸಬೇಕು.

ಬೀಳಗಿ ತಾಲೂಕಿನವರಿಗೆ ಒಂದು ಮಾತು. ಆಲಮಟ್ಟಿಯ ಹಿನ್ನೀರಿಗೆ ಊರು ಬಿಟ್ಟು ಪುನರ್ವಸತಿ ಕೇಂದ್ರಗಳಿಗೆ ಬಂದ ಮನೆಗಳಲ್ಲಿ ಫೋಟೊಗಳು ಸಾಗಾಟದಲ್ಲಿ ಕಳೆದುಹೋಗಿರುವುದುಂಟು. ಅಂಥ ಕಡೆ ಬೀಗರ ಮನೆಯಲ್ಲಿ, ಕೊಟ್ಟ ಹೆಣ್ಣುಮಕ್ಕಳ ಮನೆಯಲ್ಲಿ ವಿಚಾರಿಸಿರಿ. ಮದುವೆಯ ಫೋಟೊ ಎರಡೂ ಮನೆಗೆ ಹೋಗಿರುತ್ತದೆ. ಯಾರ ಮನೆಯಿಂದ ಎಷ್ಟು ಫೋಟೊ ತಂದಿರಿ ಎಂಬುದನ್ನು ಒಂದು ವಹಿಯಲ್ಲಿ ಬರೆದಿಟ್ಟು, ಮರಳಿ ಕೊಟ್ಟ ಮೇಲೆ ಅವರ ಸಹಿ ಪಡೆಯಿರಿ.

ಯಾರು, ಯಾವಾಗ

ಗುಂಪಿನ ಫೋಟೊದಲ್ಲಿರುವವರನ್ನು ಗುರುತಿಸಲು ನಾಲ್ಕು ಜನ ಹಿರಿಯರನ್ನು ಒಟ್ಟಿಗೆ ಕೂಡಿಸಿ ಕೇಳುವುದು ವಾಡಿಕೆ. ಹಾಗೆ ಮಾಡಿದರೆ ದೊಡ್ಡ ದನಿಯವರು ಹೇಳಿದ ಹೆಸರಿಗೇ ಉಳಿದವರು ತಲೆಯಾಡಿಸುತ್ತಾರೆ. ಒಬ್ಬೊಬ್ಬರನ್ನೇ ಬೇರೆ ಬೇರೆಯಾಗಿ ಕೇಳಬೇಕು. ಫೋಟೊದ ಒಂದು ಪ್ರತಿಯ ಮೇಲೆ ಎಡದಿಂದ ಬಲಕ್ಕೆ ಸಂಖ್ಯೆ ಹಾಕಿಕೊಂಡು, ಸಂಖ್ಯೆಯ ಮುಂದೆ ಅವರು ಹೇಳಿದ ಹೆಸರು ಬರೆಯಬೇಕು. ಮೂವರಲ್ಲಿ ಇಬ್ಬರು ಒಂದೇ ಹೆಸರು ಹೇಳಿದರೂ ಮೂರನೆಯವರ ಹತ್ತಿರ ಇನ್ನೊಮ್ಮೆ ಹೋಗಿ ವಿಚಾರಿಸಿರಿ. ಅಣ್ಣ ತಮ್ಮಂದಿರ ಮುಖ ಒಂದೇ ಥರ ಇರುವಲ್ಲಿ ಈ ಮೂರನೆಯವರ ಮಾತೇ ಸರಿಯಾದದ್ದನ್ನು ನಾನು ಕಂಡಿದ್ದೇನೆ.

ತಾರೀಖು ಗೊತ್ತಿಲ್ಲದ ಫೋಟೊಗೆ ಅದರಲ್ಲಿ ಕಾಣುವ ಬೋರ್ಡುಗಳೇ ಸಾಕ್ಷಿ. ಆರು ಅಂಕಿಯ ಪಿನ್ ಕೋಡ್ ಕಂಡರೆ ಫೋಟೊ 1972ರ ಆಗಸ್ಟ್ 15ರ ನಂತರದ್ದು. ಏಕೆಂದರೆ ಪಿನ್ ಕೋಡ್ ಜಾರಿಗೆ ಬಂದದ್ದು ಅಂದು. ರಾಜ್ಯದ ಹೆಸರು ಕರ್ನಾಟಕ ಎಂದಿದ್ದರೆ ಬಹುತೇಕ 1973ರ ನವೆಂಬರ್ 1ರ ನಂತರದ್ದು. ಬಾಗಲಕೋಟೆ ಜಿಲ್ಲೆ ಎಂದಿದ್ದರೆ 1997ರ ಆಗಸ್ಟ್ 15ರ ನಂತರದ್ದು. ಆದರೆ ಇದನ್ನು ತಿರುವಿ ಹಾಕಬಾರದು. ಬೋರ್ಡಿನ ಮೇಲೆ "ಬಿಜಾಪುರ ಜಿಲ್ಲೆ" ಎಂದಿದೆ, ಆದ್ದರಿಂದ ಫೋಟೊ 1997ಕ್ಕಿಂತ ಹಿಂದಿನದು ಎನ್ನುವಂತಿಲ್ಲ. ಜಿಲ್ಲೆ ಬದಲಾದರೂ ಹಳೆಯ ಬೋರ್ಡು ವರ್ಷಗಟ್ಟಲೆ ಹಾಗೆಯೇ ಉಳಿದಿರುತ್ತದೆ. ಹೊಸ ಹೆಸರು ಸಾಕ್ಷಿಯಾಗುತ್ತದೆ, ಹಳೆಯ ಹೆಸರು ಸುಳಿವು ಮಾತ್ರ ಕೊಡುತ್ತದೆ.

ಎಷ್ಟು ಮಾತು, ಎಷ್ಟು ಹೊತ್ತು

ಸಭೆಯಲ್ಲಿ ಜನ ಮನಸ್ಸಿಟ್ಟು ನೋಡುವುದು ಆರೇಳು ನಿಮಿಷ. ಆರು ನಿಮಿಷದ ಲೆಕ್ಕ ಹಾಕೋಣ. ಅಂದರೆ 360 ಸೆಕೆಂಡು. ಹೆಸರು ತೋರಿಸುವ ಆರಂಭ ಮತ್ತು ಕೊನೆಗೆ 60 ಸೆಕೆಂಡು ತೆಗೆದರೆ 300 ಉಳಿಯುತ್ತದೆ. ಒಬ್ಬರೇ ಇರುವ ಫೋಟೊವನ್ನು ಎಂಟು ಸೆಕೆಂಡು, ಗುಂಪಿನ ಫೋಟೊವನ್ನು ಹದಿನೈದು ಸೆಕೆಂಡು ತೋರಿಸಿದರೆ ಇಪ್ಪತ್ತೈದು ಮೂವತ್ತು ಫೋಟೊ ಹಿಡಿಯುತ್ತವೆ. ಮನೆಯಲ್ಲಿ ನೂರು ಫೋಟೊ ಸಿಕ್ಕರೂ ಆರಿಸಬೇಕಾದದ್ದು ಇಷ್ಟೇ.

ಗೌರವದಿಂದ ನಿಧಾನವಾಗಿ ಓದಿದರೆ ಕನ್ನಡದಲ್ಲಿ ನಿಮಿಷಕ್ಕೆ 80ರಿಂದ 90 ಪದ ಆಗುತ್ತದೆ. ಗಡಿಯಾರ ಇಟ್ಟು ತಮ್ಮ ಓದನ್ನು ತಾವೇ ಅಳೆದು ನೋಡಿರಿ. ಇಡೀ ಹೊತ್ತು ಮಾತು ತುಂಬಬಾರದು. ಮೂರರಲ್ಲಿ ಎರಡು ಪಾಲು ಮಾತು, ಒಂದು ಪಾಲು ಮೌನ ಇದ್ದರೆ ಜನ ಫೋಟೊ ನೋಡುತ್ತಾರೆ. ಆ ಲೆಕ್ಕದಲ್ಲಿ ಬರೆಯಬೇಕಾದದ್ದು ಹೆಚ್ಚೆಂದರೆ 300 ಪದ, ಅಂದರೆ ಒಂದೂವರೆ ಪುಟ. ಇಸವಿಗಳನ್ನು ಅಕ್ಷರದಲ್ಲಿ ಬರೆದುಕೊಳ್ಳಿರಿ. "1958" ಕಾಗದದ ಮೇಲೆ ಒಂದೇ ಪದ, ಬಾಯಲ್ಲಿ ಅದು "ಸಾವಿರದ ಒಂಬೈನೂರ ಐವತ್ತೆಂಟು" ಆಗುತ್ತದೆ. ಒಂದು ಫೋಟೊಗೆ ಎರಡಕ್ಕಿಂತ ಹೆಚ್ಚು ಇಸವಿ ಹಾಕಿದರೆ ಕೇಳುವವರಿಗೆ ಒಂದೂ ನೆನಪಿನಲ್ಲಿ ಉಳಿಯುವುದಿಲ್ಲ.

ಒಂದು ಉದಾಹರಣೆ

ಬರೀ ನಿಯಮ ಹೇಳಿದರೆ ತಿಳಿಯುವುದಿಲ್ಲ. ತಮಗೆಲ್ಲ ಗೊತ್ತಿರುವ ನಮ್ಮ ಭಾಗದ ಹಿರಿಯರೊಬ್ಬರನ್ನು ತೆಗೆದುಕೊಂಡು ಒಂದು ತುಣುಕು ಬರೆದು ನೋಡೋಣ. ಜಮಖಂಡಿ ತಾಲೂಕಿನ ಸಾವಳಗಿಯ ಬಿ. ಡಿ. ಜತ್ತಿಯವರು. ಅವರ ಬದುಕಿನ ತಾರೀಖುಗಳು ಎಲ್ಲರೂ ಪರಿಶೀಲಿಸಬಹುದಾದ ದಾಖಲೆಗಳಲ್ಲಿವೆ, ಆದ್ದರಿಂದ ಎಲ್ಲಿ ತಪ್ಪಾಗುತ್ತದೆ ಎಂಬುದೂ ಸ್ಪಷ್ಟವಾಗಿ ಕಾಣುತ್ತದೆ.

ಮೊದಲ ಚಿತ್ರ, ಊರು. ಬಾಲ್ಯದ ಫೋಟೊ ಇಲ್ಲದಿದ್ದರೆ ಬೇರೆ ಯಾವುದೋ ಮಗುವಿನ ಚಿತ್ರ ಹಾಕಬಾರದು, ಊರಿನ ಇಂದಿನ ಚಿತ್ರ ಹಾಕಿದರೆ ಸಾಕು. ಮಾತು ಹೀಗೆ: "ಇದು ಸಾವಳಗಿ. ಬಸಪ್ಪ ದಾನಪ್ಪ ಜತ್ತಿಯವರು 1912ರ ಸೆಪ್ಟೆಂಬರ್ 10ರಂದು ಹುಟ್ಟಿದ್ದು ಈ ಊರಿನಲ್ಲಿ." ಇಲ್ಲಿ "ಬಾಗಲಕೋಟೆ ಜಿಲ್ಲೆಯಲ್ಲಿ ಹುಟ್ಟಿದರು" ಎಂದು ಬರೆಯುವುದು ಸುಲಭ. ಆದರೆ ಆಗ ಆ ಜಿಲ್ಲೆಯೇ ಇರಲಿಲ್ಲ. "ಇಂದಿನ ಬಾಗಲಕೋಟೆ ಜಿಲ್ಲೆಯ" ಎಂದರೆ ಸರಿಯಾಗುತ್ತದೆ.

ಎರಡನೆಯ ಚಿತ್ರ, ಜಮಖಂಡಿ ಪೇಟೆ. "ಕೊಲ್ಹಾಪುರದಲ್ಲಿ ಕಾನೂನು ಓದಿ ಬಂದ ಅವರು ಜಮಖಂಡಿಯಲ್ಲಿ ಕೆಲಕಾಲ ವಕೀಲಿ ಮಾಡಿದರು. 1940ರಲ್ಲಿ ಪುರಸಭೆಯ ಸದಸ್ಯರಾದರು, 1945ರಲ್ಲಿ ಅದರ ಅಧ್ಯಕ್ಷರಾದರು." ದೊಡ್ಡ ಹುದ್ದೆಗೇರಿದವರ ವಿಡಿಯೋದಲ್ಲಿ ಇಂಥ ಮೊದಲ ಮೆಟ್ಟಿಲನ್ನು ಬಿಟ್ಟುಬಿಡುತ್ತಾರೆ. ಹಾಗೆ ಬಿಡಬಾರದು, ಊರಿನವರು ಅವರನ್ನು ಕಂಡದ್ದು ಅಲ್ಲಿಯೇ.

ಮೂರನೆಯ ಚಿತ್ರ, ಸಂಸ್ಥಾನದ ಕಾಲ. "ಜಮಖಂಡಿ ಸಂಸ್ಥಾನದ ಆಡಳಿತದಲ್ಲಿ ಮಂತ್ರಿಯಾಗಿ, 1948ರಲ್ಲಿ ಅದರ ಮುಖ್ಯಮಂತ್ರಿಯೂ ಆದರು. ಅದೇ ವರ್ಷದ ಮಾರ್ಚ್ 8ರಂದು ಸಂಸ್ಥಾನ ಮುಂಬೈ ಪ್ರಾಂತದಲ್ಲಿ ವಿಲೀನವಾಯಿತು. ಜತ್ತಿಯವರು ಮತ್ತೆ ವಕೀಲಿಗೆ ಮರಳಿದರು." ಕೊನೆಯ ವಾಕ್ಯವನ್ನು ಗಮನಿಸಿರಿ. ಹುದ್ದೆ ಹೋದ ಮೇಲೆ ಮನುಷ್ಯ ಏನು ಮಾಡಿದ ಎಂಬುದು, "ಸರಳ ಜೀವಿ" ಎಂದು ಹತ್ತು ಸಲ ಹೇಳುವುದಕ್ಕಿಂತ ಹೆಚ್ಚನ್ನು ಹೇಳುತ್ತದೆ.

ನಾಲ್ಕನೆಯ ಚಿತ್ರ, ವಿಧಾನಸೌಧದ ಕಾಲ. "1952ರ ಚುನಾವಣೆಯ ನಂತರ ಮುಂಬೈ ಸರಕಾರದಲ್ಲಿ ಉಪಮಂತ್ರಿಯಾಗಿದ್ದ ಅವರು, ರಾಜ್ಯಗಳ ಪುನರ್ವಿಂಗಡಣೆಯ ನಂತರ ಮೈಸೂರು ರಾಜ್ಯಕ್ಕೆ ಬಂದರು. 1958ರ ಮೇ ತಿಂಗಳಿನಿಂದ 1962ರ ಮಾರ್ಚ್‌ವರೆಗೆ ಆ ರಾಜ್ಯದ ಮುಖ್ಯಮಂತ್ರಿಗಳು." ನೋಡಿರಿ, ಇಲ್ಲಿ ನಾನೇ ಮೂರು ಇಸವಿ ಹಾಕಿಬಿಟ್ಟಿದ್ದೇನೆ. ಆದ್ದರಿಂದ ಇದನ್ನು ಎರಡು ಚಿತ್ರಗಳಿಗೆ ಹಂಚಬೇಕು. ಇನ್ನೊಂದು ವಿಷಯ, ಅವರು ಮೈಸೂರು ರಾಜ್ಯದ ಮುಖ್ಯಮಂತ್ರಿ. ಕರ್ನಾಟಕ ಎಂಬ ಹೆಸರು ಬಂದದ್ದು 1973ರಲ್ಲಿ.

ಐದನೆಯ ಚಿತ್ರಕ್ಕೆ ಹೊಲದ ಒಂದು ಹಳೆಯ ಫೋಟೊ ಇರಲಿ. ಗೇಣಿ ಮತ್ತು ಜಮೀನು ಕಾನೂನುಗಳನ್ನು ಪರಿಶೀಲಿಸಿದ ಸಮಿತಿಗೆ ಜತ್ತಿಯವರು ಅಧ್ಯಕ್ಷರಾಗಿದ್ದರು. ಜತ್ತಿ ಸಮಿತಿ ಎಂದೇ ಅದರ ಹೆಸರು ಉಳಿದಿದೆ. ಅದರ ನಂತರ 1961ರ ಮೈಸೂರು ಭೂಸುಧಾರಣಾ ಕಾಯ್ದೆ ಬಂತು. ಇಲ್ಲಿ ಬರೆಯುವವರ ಕೈ ಜಾರುತ್ತದೆ. "ಉಳುವವನಿಗೆ ಭೂಮಿ ಕೊಡಿಸಿದವರು" ಎಂದು ಒಂದೇ ವಾಕ್ಯದಲ್ಲಿ ಮುಗಿಸಬೇಕೆನಿಸುತ್ತದೆ. ಆದರೆ 1961ರ ಕಾಯ್ದೆಯಲ್ಲಿ ಮಾಲೀಕರು ಸ್ವಂತ ಸಾಗುವಳಿಗೆಂದು ಜಮೀನು ಮರಳಿ ಪಡೆಯಲು ಅವಕಾಶವಿತ್ತು, ಮತ್ತು ಅದು ಜಾರಿಗೆ ಬಂದದ್ದು 1965ರಲ್ಲಿ. ಗೇಣಿದಾರರಿಗೆ ದೊಡ್ಡ ಪ್ರಮಾಣದಲ್ಲಿ ಹಕ್ಕು ಸಿಕ್ಕಿದ್ದು ದೇವರಾಜ ಅರಸು ಅವರ ಕಾಲದ 1974ರ ತಿದ್ದುಪಡಿಯಿಂದ. ಸಭೆಯಲ್ಲಿ ಕುಳಿತವರಲ್ಲಿ ಕೆಲವರ ಮನೆಗೆ ಭೂಮಿ ಬಂದಿರುತ್ತದೆ, ಕೆಲವರ ಮನೆಯಿಂದ ಹೋಗಿರುತ್ತದೆ. ಯಾವ ವರ್ಷ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಆದ್ದರಿಂದ ಮಾತು ಹೀಗಿರಲಿ: "ಗೇಣಿದಾರರ ಪ್ರಶ್ನೆಯನ್ನು ಪರಿಶೀಲಿಸಿದ ಸಮಿತಿಗೆ ಇವರು ಅಧ್ಯಕ್ಷರು. ಮುಂದೆ ಬಂದ 1961ರ ಭೂಸುಧಾರಣಾ ಕಾಯ್ದೆಗೆ ಆ ಸಮಿತಿಯ ವರದಿ ಆಧಾರವಾಯಿತು." ಇಷ್ಟು ಹೇಳಿದರೆ ಅವರ ಪಾಲಿನದು ಅವರಿಗೆ ಸಲ್ಲುತ್ತದೆ, ಇನ್ನೊಬ್ಬರ ಪಾಲಿಗೆ ಕೈ ಹಾಕಿದಂತಾಗುವುದಿಲ್ಲ.

ಆರನೆಯ ಚಿತ್ರ, ದೆಹಲಿ. "1974ರಲ್ಲಿ ಭಾರತದ ಉಪರಾಷ್ಟ್ರಪತಿಯಾದರು. 1977ರ ಫೆಬ್ರುವರಿ 11ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ಅವರು ತೀರಿಕೊಂಡಾಗ ಹಂಗಾಮಿ ರಾಷ್ಟ್ರಪತಿಯಾಗಿ ಹೊಣೆ ಹೊತ್ತರು." ಹಂಗಾಮಿ ಎಂಬ ಪದವನ್ನು ಗೌರವಕ್ಕೆ ಕಡಿಮೆ ಎಂದು ಕೆಲವರು ಬಿಡುತ್ತಾರೆ. ಹಾಗೆ ಬಿಟ್ಟರೆ ಶಾಲೆಯ ಹುಡುಗನೂ ತಪ್ಪು ಹಿಡಿಯುತ್ತಾನೆ. ಆ ಪದವನ್ನು ಇಟ್ಟುಕೊಂಡು ಏಳನೆಯ ಚಿತ್ರಕ್ಕೆ ಬನ್ನಿರಿ: "1977ರ ಮಾರ್ಚ್ 24. ಮೊರಾರ್ಜಿ ದೇಸಾಯಿಯವರು ಪ್ರಧಾನಿಯಾಗಿ ಪ್ರಮಾಣ ವಚನ ಸ್ವೀಕರಿಸಿದರು. ವಚನ ಬೋಧಿಸಿದವರು ಸಾವಳಗಿಯ ಜತ್ತಿಯವರು." ಇಲ್ಲಿ ಒಂದೂ ಹೊಗಳಿಕೆಯ ಪದವಿಲ್ಲ. ಸಾವಳಗಿ ಎಂಬ ಊರಿನ ಹೆಸರನ್ನು ಎರಡನೆಯ ಸಲ ತಂದದ್ದೇ ಸಾಕು. ಇದನ್ನು ಓದಿದ ಮೇಲೆ ಐದು ಸೆಕೆಂಡು ಸುಮ್ಮನಿರಬೇಕು.

ಕೊನೆಯ ಚಿತ್ರ, ವಯಸ್ಸಾದ ಮುಖ. "2002ರ ಜೂನ್ 7ರಂದು ಜತ್ತಿಯವರು ನಮ್ಮನ್ನು ಅಗಲಿದರು." ಅಷ್ಟೇ. "ತುಂಬಲಾರದ ನಷ್ಟ", "ಕಂಬನಿ ಮಿಡಿಯುತ್ತೇವೆ" ಎಂಬವು ಯಾರ ಹೆಸರಿಗಾದರೂ ಹೊಂದುವ ಮಾತುಗಳು. ಎಲ್ಲರಿಗೂ ಹೊಂದುವ ಮಾತು ಈ ಒಬ್ಬರ ಬಗ್ಗೆ ಏನನ್ನೂ ಹೇಳುವುದಿಲ್ಲ.

ನಮ್ಮ ಸಂಘದ ಹಿರಿಯರಿಗೆ

ಜತ್ತಿಯವರ ತಾರೀಖುಗಳು ದಾಖಲೆಯಲ್ಲಿವೆ, ನಮ್ಮ ಊರಿನ ಹಿರಿಯರದ್ದು ಎಲ್ಲಿವೆ ಎಂದು ತಾವು ಕೇಳಬಹುದು. ಅವೂ ಇವೆ. ಸಂಘದ ನೋಂದಣಿ ಪತ್ರ, ಮೊದಲ ಸಭೆಯ ನಡಾವಳಿ ಪುಸ್ತಕ, ಷೇರು ರಿಜಿಸ್ಟರು, ಹಾಲಿನ ಪಾಸ್ ಪುಸ್ತಕ, ಶಾಲೆಯ ದಾಖಲಾತಿ, ಜಮೀನಿನ ಪಹಣಿ. ನಡಾವಳಿ ಪುಸ್ತಕದಲ್ಲಿ ಸೂಚಕರು, ಅನುಮೋದಕರು ಎಂದು ಹೆಸರುಗಳಿರುತ್ತವೆ. ಮೊದಲ ದಿನ ಯಾರು ಯಾರು ಇದ್ದರು ಎಂಬುದು ಅಲ್ಲಿಯೇ ಸಿಗುತ್ತದೆ. ಆ ಊರಿನಲ್ಲಿ ನಾನು ಅದನ್ನು ಒಮ್ಮೆ ತೆರೆದು ನೋಡಿದ್ದರೆ, ಪಡಸಾಲೆ ಕೊಟ್ಟ ತಾಯಿಯ ಹೆಸರು ಎರಡನೆಯ ಪುಟದಲ್ಲೇ ಸಿಗುತ್ತಿತ್ತು. ಪಾಸ್ ಪುಸ್ತಕದ ಒಂದು ಪುಟವನ್ನು ಚಿತ್ರವಾಗಿ ತೋರಿಸಿರಿ. ಮೊದಲ ದಿನ ಎಷ್ಟು ಲೀಟರು, ಎಷ್ಟು ಫ್ಯಾಟು, ಎಷ್ಟು ರೂಪಾಯಿ ಎಂಬುದನ್ನು ಇಲ್ಲಿ ಕುಳಿತವರು ಯಾವ ವಿವರಣೆಯೂ ಇಲ್ಲದೆ ಓದಿಕೊಳ್ಳುತ್ತಾರೆ.

ಹೆಸರಿನ ಮುಂದೆ ಯಾವ ಪದ ಹಾಕಬೇಕೆಂದು ಮನೆಯವರನ್ನೇ ಕೇಳಿರಿ. ಕೆಲವರು ಲಿಂಗೈಕ್ಯ ಎನ್ನುತ್ತಾರೆ, ಕೆಲವರು ದಿವಂಗತ, ಮುಸ್ಲಿಂ ಬಾಂಧವರು ಮರ್ಹೂಮ್ ಎನ್ನುತ್ತಾರೆ. ಅದನ್ನು ಆರಂಭದಲ್ಲಿ ಒಂದು ಸಲ ಹೇಳಿ, ಮುಂದೆ ಊರಿನವರು ಕರೆಯುತ್ತಿದ್ದ ಹೆಸರಿನಿಂದಲೇ ಹೇಳಿರಿ. ಗುಂಪಿನ ಫೋಟೊ ಬಂದಾಗ ಮೊದಲು ಇಡೀ ಫೋಟೊ ತೋರಿಸಿ, ಎಡದಿಂದ ಹೆಸರು ಓದಿ, ಆಮೇಲೆ ಹಿರಿಯರ ಮುಖದ ಹತ್ತಿರ ನಿಧಾನವಾಗಿ ಹೋಗಲು ಸ್ಟುಡಿಯೋದವರಿಗೆ ಹೇಳಿರಿ. ಗುರುತು ಸಿಗದವರು ಇದ್ದರೆ "ಇನ್ನಿಬ್ಬರ ಹೆಸರು ನಮಗೆ ಸಿಕ್ಕಿಲ್ಲ, ಬಲ್ಲವರು ತಿಳಿಸಬೇಕು" ಎಂದು ಓದಿರಿ. ಬಹಳ ಸಲ ಸಭೆಯಲ್ಲೇ ಯಾರಾದರೂ ಎದ್ದು ಹೇಳುತ್ತಾರೆ.

ಮನೆತನದ ಜಗಳ, ಚುನಾವಣೆಯ ಸೋಲು, ಸಂಘ ಒಮ್ಮೆ ನಿಂತುಹೋದದ್ದು, ಇಂಥವು ಬಂದರೆ ಏನು ಮಾಡಬೇಕು? ಊರಿಗೆಲ್ಲ ಗೊತ್ತಿರುವುದನ್ನು ನಡೆದೇ ಇಲ್ಲ ಎಂಬಂತೆ ಬರೆಯಬಾರದು. "ಸಂಘ ಒಂದು ವರ್ಷ ನಿಂತಿತ್ತು, ಮತ್ತೆ ಆರಂಭಿಸಿದಾಗ ಮೊದಲ ಕ್ಯಾನ್ ಇವರ ಮನೆಯಿಂದ ಬಂತು" ಎಂದರೆ ಯಾರನ್ನೂ ದೂರದೆ ನಡೆದದ್ದನ್ನು ಹೇಳಿದಂತಾಗುತ್ತದೆ. ಬರೀ ಮನೆಗೆ ಸೇರಿದ ವಿಷಯವಿದ್ದರೆ ಮನೆಯವರ ಒಪ್ಪಿಗೆ ಇಲ್ಲದೆ ಮುಟ್ಟಬೇಡಿರಿ.

ಎಲ್ಲ ಬರೆದಾದ ಮೇಲೆ, ತೋರಿಸುವ ದಿನಕ್ಕೆ ಒಂದು ವಾರ ಮೊದಲು, ಮನೆಯವರ ಮುಂದೆ ಮತ್ತು ಮನೆಗೆ ಸಂಬಂಧವಿಲ್ಲದ ಇಬ್ಬರು ಹಿರಿಯರ ಮುಂದೆ ಗಟ್ಟಿಯಾಗಿ ಓದಿರಿ. ಮನೆಯವರು ಬಿಟ್ಟುಹೋದದ್ದನ್ನು ಹೇಳುತ್ತಾರೆ, ಹೊರಗಿನವರು ಹೆಚ್ಚಾದದ್ದನ್ನು ಹೇಳುತ್ತಾರೆ. ಯಾರಾದರೂ ತಲೆ ಕೆಳಗೆ ಹಾಕಿದ ಕಡೆ ಪೆನ್ಸಿಲಿನಿಂದ ಗುರುತು ಮಾಡಿಕೊಂಡು, ಏಕೆ ಎಂದು ಆಮೇಲೆ ಒಬ್ಬರನ್ನೇ ಕೇಳಿರಿ.

ಆ ಊರಿನ ವಿಡಿಯೋವನ್ನು ನಾವು ಮತ್ತೆ ಮಾಡಿದೆವು. ಫೋಟೊದ ಅಂಚು ಮರಳಿ ಬಂತು. "ಒಬ್ಬರೇ" ಎಂಬ ಪದ ತೆಗೆದು ಆರು ಹೆಸರು ಓದಿದೆವು, ಪಡಸಾಲೆ ಯಾರದೆಂದು ಹೇಳಿದೆವು. ಮುಂದಿನ ವರ್ಷದ ಸಭೆಯಲ್ಲಿ ಅದನ್ನು ತೋರಿಸುವಾಗ ಆ ತಾಯಿ ಮುಂದಿನ ಸಾಲಿನಲ್ಲಿ ಕುಳಿತಿದ್ದರು. ತೀರಿಹೋದ ಅಧ್ಯಕ್ಷರ ಮಗ ಅವರ ಪಕ್ಕದಲ್ಲಿ ಕುಳಿತು, ತೆರೆಯ ಮೇಲಿದ್ದ ಉಳಿದವರು ಯಾರು ಯಾರೆಂದು ಅವರಿಂದ ಕೇಳಿ ತಿಳಿದುಕೊಳ್ಳುತ್ತಿದ್ದ.